ನಂಬರ್ ಬದಲಿಸದೆ ಸ್ಪ್ಯಾಮ್ ಕರೆ ನಿಲ್ಲಿಸಿದೆ: ನನ್ನ ಅನುಭವ

ಒಂದು ಹಾಸಿಗೆ ಕೊಂಡಿದ್ದಕ್ಕೆ ನನಗೆ ದಿನಕ್ಕೆ ಆರೇಳು ಕರೆ ಬರುತ್ತಿದ್ದವು. ಸಾಲ ಬೇಕಾ, ವಿಮೆ ಬೇಕಾ, ಸೈಟ್ ಬೇಕಾ. "ನಂಬರ್ ಬದಲಾಯಿಸೋದು ಬಿಟ್ಟು ಕಂಪನಿಗಳಿಗೆ ಪತ್ರ ಬರೀತಾ ಕೂತಿದ್ದೀಯಲ್ಲ, ಅವರೆಲ್ಲ ಓದ್ತಾರಾ?" ಅಂದಿದ್ದರು ನಮ್ಮ ಭಾವ. ಓದಿದರು. ಸುಮಾರು ಮೂರು ತಿಂಗಳು ಹಿಡಿಯಿತು, ಈಗ ವಾರಕ್ಕೆ ಒಂದು ಕರೆ ಬಂದರೆ ಹೆಚ್ಚು. ಬ್ಲಾಕ್ ಮಾಡೋದು, ಡಿಎನ್‌ಡಿ ಹಾಕೋದು ನಿಮಗೆಲ್ಲ ಗೊತ್ತಿದೆ. ಅದರಾಚೆಯದನ್ನು ಮಾತ್ರ ಬರೆಯುತ್ತೇನೆ.

ಕರೆಗಳು ಆ ಅಂಗಡಿಯಿಂದಲೇ ಹೊರಟವು ಅಂತ ಗೊತ್ತಾಗಿದ್ದು ನನ್ನ ಒಂದು ಹಳೇ ಅಭ್ಯಾಸದಿಂದ. ಆನ್‌ಲೈನಲ್ಲಿ ಏನೇ ಕೊಂಡರೂ ಹೆಸರಿನ ಜೊತೆ ಬೇರೆ ಬೇರೆ ಇನಿಷಿಯಲ್ ಹಾಕುತ್ತೇನೆ. ಹಾಸಿಗೆಗೆ ಹಾಕಿದ್ದು 'ಕ್ಯೂ'. ನಾಲ್ಕೈದು ದಿನಕ್ಕೆ ಸಾಲದವಳೊಬ್ಬಳು ಫೋನ್ ಮಾಡಿ, ತಡವರಿಸುತ್ತಾ, "ಸರ್, ಮಿಸ್ಟರ್... ಕ್ಯೂ ಅವರಾ ಮಾತಾಡೋದು?" ಅಂದಳು. ಆ ಅಕ್ಷರ ನಾನು ಬೇರೆ ಎಲ್ಲೂ ಕೊಟ್ಟಿರಲಿಲ್ಲ. ಬಿಲ್ ತೆಗೆದು ನೋಡಿದೆ, ಅದೇ ಕ್ಯೂ.

ಮೊದಲು ಮಾಡಿದ್ದೆಲ್ಲ ಕೆಟ್ಟಿತು. ನಲವತ್ತಕ್ಕೂ ಜಾಸ್ತಿ ನಂಬರ್ ಬ್ಲಾಕ್ ಮಾಡಿದೆ, ಅವರು ದಿನಕ್ಕೊಂದು ನಂಬರಿನಿಂದ ಕರೆಯುತ್ತಾರೆ. "ಕರೆ ಬೇಡವಾದರೆ 9 ಒತ್ತಿ" ಅಂದಾಗ ಒತ್ತಿದೆ, ಆ ವಾರ ಕರೆ ಇನ್ನೂ ಹೆಚ್ಚಾಯಿತು. ಈ ಕಡೆ ನಿಜವಾಗಿ ಮನುಷ್ಯ ಇದ್ದಾನೆ ಅಂತ ನಾನೇ ಹೇಳಿಕೊಟ್ಟ ಹಾಗಾಯಿತು ಅಂತ ನನ್ನ ಲೆಕ್ಕ. ಡಿಎನ್‌ಡಿ ಸಾಕಾಗಲಿಲ್ಲ. ನೀವೇ ಒಪ್ಪಿಗೆ ಕೊಟ್ಟ ಕಂಪನಿಗೆ ಆ ಪಟ್ಟಿಯಿಂದ ವಿನಾಯಿತಿ ಇರುತ್ತದೆ, ನಾನು ಹಣ ಕಟ್ಟುವಾಗ ಟಿಕ್ ಆಗಿದ್ದ ಚೌಕವನ್ನು ಹಾಗೇ ಬಿಟ್ಟಿದ್ದೆ.

ಅತಿ ದುಬಾರಿ ತಪ್ಪು ಎಂದರೆ, ನಿಮ್ಮ ಮಾಹಿತಿಯನ್ನು ಎಲ್ಲ ಕಡೆಯಿಂದ ಅಳಿಸಿಕೊಡುತ್ತೇವೆ ಅನ್ನೋ ಒಂದು ಸೇವೆಗೆ ವರ್ಷದ ಚಂದಾ ಕಟ್ಟಿದ್ದು. ಹಾಸಿಗೆಯ ಬೆಲೆಯ ಕಾಲು ಭಾಗದಷ್ಟು ಹೋಯಿತು. ಅವರು ತಮ್ಮ ಪಟ್ಟಿಯಲ್ಲಿರುವ ದತ್ತಾಂಶ ದಲ್ಲಾಳಿಗಳಿಗೆ, ಅಂದರೆ ಜನರ ಮಾಹಿತಿ ಕೂಡಿಹಾಕಿ ಮಾರುವವರಿಗೆ, ಮಾತ್ರ ಬರೆಯುತ್ತಾರೆ. ನನ್ನ ನಂಬರ್ ಇಟ್ಟುಕೊಂಡಿದ್ದ ಒಬ್ಬರೂ ಆ ಪಟ್ಟಿಯಲ್ಲಿರಲಿಲ್ಲ. ಇದು ಕೆಟ್ಟ ಸೇವೆ ಅಂತಲ್ಲ, ನನ್ನ ಕಾಯಿಲೆಗೆ ಆ ಔಷಧಿ ಅಲ್ಲ ಅಷ್ಟೇ.

ಆಮೇಲೆ ಅಂಗಡಿಗೇ "ನನ್ನ ಮಾಹಿತಿ ಅಳಿಸಿ" ಅಂತ ಬರೆದೆ. ಅಳಿಸಿದ್ದೇವೆ ಅಂದರು. ಮೂರು ವಾರ ಫೋನ್ ತಣ್ಣಗಿತ್ತು, ಖುಷಿಯಾಗಿದ್ದೆ. ನಾಲ್ಕನೇ ವಾರ ಅದೇ ಅಂಗಡಿಯವರು "ಹೊಸ ಗ್ರಾಹಕರಿಗೆ ಕೊಡುಗೆ" ಅಂತ ಕರೆ ಮಾಡಿದರು! ಯಾಕೆ ಅಂತ ತಲೆಗೆ ಹೋಗಲು ಎರಡು ದಿನ ಬೇಕಾಯಿತು. ಅವರು ನಿಜವಾಗಿಯೂ ಅಳಿಸಿದ್ದರು. ಆದರೆ ನನ್ನ ನಂಬರ್ ಅವರ ಪಾಲುದಾರರ ಹತ್ತಿರ ಇತ್ತು, ಅಲ್ಲಿಂದ ಹೊಸ ಪಟ್ಟಿಯಲ್ಲಿ ವಾಪಸ್ ಬಂತು. ಬೇಡ ಅಂದಿದ್ದ ದಾಖಲೆಯೂ ಅಳಿಸಿ ಹೋಗಿದ್ದರಿಂದ ನಾನು ಅವರಿಗೆ ಹೊಸಬ.

ಹಾಗಾಗಿ ಕೇಳುವ ಕ್ರಮವೇ ತಿರುಗಬೇಕು. ಮೊದಲು ಯಾರಿಗೆ ಕೊಟ್ಟಿದ್ದೀರಿ ಅಂತ ಕೇಳಬೇಕು. ಆಮೇಲೆ ಅಳಿಸಿ ಅನ್ನಬೇಕು. ಅಳಿಸುವಾಗಲೂ ನಂಬರನ್ನು 'ಕರೆ ಮಾಡಬಾರದವರ' ಪಟ್ಟಿಯಲ್ಲಿ ಮಾತ್ರ ಉಳಿಸಿ ಅನ್ನಬೇಕು. ಅವರ ಭಾಷೆಯಲ್ಲಿ ಸಪ್ರೆಶನ್ ಲಿಸ್ಟ್. ಆ ಪದ ಬಳಸಿದ ದಿನದಿಂದ ಉತ್ತರ ಬರೆಯುವವರ ದನಿಯೇ ಬದಲಾಯಿತು.

ಎರಡನೇ ಪತ್ರ ಕಸ್ಟಮರ್ ಕೇರ್‌ಗೆ ಕಳಿಸಲಿಲ್ಲ. ಪ್ರೈವೆಸಿ ಪಾಲಿಸಿಯ ಕೊನೆಯಲ್ಲಿ ದತ್ತಾಂಶ ಅಧಿಕಾರಿಯ ಈಮೇಲ್ ಇರುತ್ತದೆ, ಅದಕ್ಕೆ ಕಳಿಸಿದೆ. ಕೊಳ್ಳುವಾಗ ಕೊಟ್ಟ ಈಮೇಲಿನಿಂದಲೇ ಕಳಿಸಿ, ಇಲ್ಲವಾದರೆ ನೀವು ಯಾರು ಅಂತ ಸಾಬೀತು ಮಾಡೋದರಲ್ಲೇ ತಿಂಗಳು ಕಳೆಯುತ್ತದೆ. ಪತ್ರದ ಮುಖ್ಯ ಭಾಗ ಇಷ್ಟು:

"ಆರ್ಡರ್ ನಂಬರ್ ಇದು, ಕರೆ ಬಂದ ದಿನಾಂಕಗಳು ಇವು. ನನ್ನ ನಂಬರನ್ನು ಯಾವ ಯಾವ ಸಂಸ್ಥೆಗೆ ಕೊಟ್ಟಿದ್ದೀರಿ, ಹೆಸರು ಸಮೇತ ತಿಳಿಸಿ. ಮಾರಾಟದ ಕರೆ, ಎಸ್‌ಎಂಎಸ್, ವಾಟ್ಸಾಪ್ ಎಲ್ಲದಕ್ಕೂ ನನ್ನ ಒಪ್ಪಿಗೆ ಹಿಂಪಡೆದಿದ್ದೇನೆ. ಲೆಕ್ಕಪತ್ರಕ್ಕೆ ಬೇಕಾದ ಬಿಲ್ ಬಿಟ್ಟು ಉಳಿದದ್ದನ್ನು ಅಳಿಸಿ, ಕೊಟ್ಟವರಿಗೂ ಅಳಿಸಲು ಹೇಳಿ. ನಂಬರ್ ನಿಮ್ಮ ಸಪ್ರೆಶನ್ ಲಿಸ್ಟಿನಲ್ಲಿ ಮಾತ್ರ ಇರಲಿ."

ಬಿಲ್ಲಿನ ಮಾತು ಬೇಕೇ ಬೇಕು. ತೆರಿಗೆ ಲೆಕ್ಕಕ್ಕಾಗಿ ಬಿಲ್ ಇಟ್ಟುಕೊಳ್ಳಲೇಬೇಕಾದವರಿಗೆ ಎಲ್ಲ ಅಳಿಸಿ ಅಂದರೆ, ಆ ಒಂದು ನೆಪದಿಂದ ಇಡೀ ಕೋರಿಕೆಯನ್ನೇ ತಳ್ಳಿಹಾಕುತ್ತಾರೆ. ಹಾಸಿಗೆಯ ವಾರಂಟಿಗೆ ನಮಗೂ ಆ ಬಿಲ್ ಬೇಕು, ಅಲ್ವಾ.

ಯಾವ ಕಾನೂನಿನ ಹೆಸರು ಹೇಳಬೇಕು ಅನ್ನೋದು ಕಂಪನಿ ಎಲ್ಲಿಯದು ಅನ್ನೋದರ ಮೇಲಿದೆ. ಯುರೋಪಿನ ಜಿಡಿಪಿಆರ್ 2018ರಿಂದ ಜಾರಿಯಲ್ಲಿದೆ. ಯಾರಿಗೆ ಕೊಟ್ಟಿರಿ ಅಂತ ಕೇಳಲು 15ನೇ ವಿಧಿ, ಅಳಿಸಲು 17, ಮಾರಾಟದ ಸಂಪರ್ಕ ಬೇಡ ಅನ್ನಲು 21. ಉತ್ತರಕ್ಕೆ ಒಂದು ತಿಂಗಳ ಗಡುವು. "ಕೆಲವು ಪಾಲುದಾರರಿಗೆ ಕೊಟ್ಟಿದ್ದೇವೆ" ಅಂತ ಜಾರಿಕೊಂಡರೆ ಸಾಲದು, ನಿಜವಾದ ಹೆಸರುಗಳನ್ನೇ ಕೇಳುವ ಹಕ್ಕಿದೆ ಅಂತ ಯುರೋಪಿನ ನ್ಯಾಯಾಲಯ 2023ರಲ್ಲಿ ಹೇಳಿದೆ. ಭಾರತದ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಯಾರಿಗೆ ಕೊಟ್ಟಿರಿ ಅಂತ ಕೇಳುವ ಹಕ್ಕು 11ನೇ ಸೆಕ್ಷನ್‌ನಲ್ಲಿ, ಅಳಿಸಿ ಅನ್ನುವ ಹಕ್ಕು 12ರಲ್ಲಿ ಇದೆ, ಆದರೆ ಅದು ಹಂತಹಂತವಾಗಿ ಜಾರಿಗೆ ಬರುವ ಕಾಯ್ದೆ. ಸೆಕ್ಷನ್ ಬರೆಯುವ ಮುನ್ನ ಅದು ಜಾರಿಯಾಗಿದೆಯಾ ನೋಡಿಕೊಳ್ಳಿ.

ಎರಡೇ ದಿನಕ್ಕೆ "ನಿಮ್ಮ ದೂರು ಪರಿಹಾರವಾಗಿದೆ" ಅಂತ ಯಂತ್ರದ ಉತ್ತರ ಬಂತು. ಹೊಸ ಮೇಲ್ ಬರೆಯಲಿಲ್ಲ, ಅದಕ್ಕೇ ಉತ್ತರಿಸಿ "ಒಂದು ಪ್ರಶ್ನೆಗೂ ಉತ್ತರ ಇಲ್ಲ" ಅಂದೆ. ಮುಂದೆ ಮೇಲಿನವರಿಗೆ ದೂರು ಕೊಡುವಾಗ ಇಡೀ ಕಥೆ ಒಂದೇ ಕಡೆ ಇರುತ್ತದೆ. ಆಮೇಲೆ ಗುರುತಿನ ಚೀಟಿಯ ಪ್ರತಿ ಕೇಳಿದರು. ಕೊಡಲಿಲ್ಲ. ಅಳಿಸಿ ಅನ್ನೋಕೆ ಇನ್ನಷ್ಟು ಮಾಹಿತಿ ಯಾಕೆ ಕೊಡಬೇಕು? ಆ ನಂಬರಿಗೇ ಒಟಿಪಿ ಕಳಿಸಿ, ಹೇಳುತ್ತೇನೆ ಅಂದೆ. ಒಪ್ಪಿದರು.

ಇಪ್ಪತ್ತಾರನೇ ದಿನವೋ ಏನೋ, ಮೂರು ಹೆಸರು ಬಂದವು. ಸಾಗಣೆಯವರು, ಕಾಲ್ ಸೆಂಟರ್, ಒಬ್ಬ 'ಮಾರ್ಕೆಟಿಂಗ್ ಪಾಲುದಾರ'. ಈ ಮೂರನೆಯವರೇ ಬೇರು. ಅವರಿಗೆ ಅದೇ ಪತ್ರ ಕಳಿಸಿದೆ, ಇನ್ನಿಬ್ಬರ ಹೆಸರು ಹೇಳಿದರು. ಆ ಇಬ್ಬರಲ್ಲಿ ಒಬ್ಬರು ಬೇಗ ಕೇಳಿದರು. ಇನ್ನೊಬ್ಬರು ಒಂದೂವರೆ ತಿಂಗಳು ಬಾಯಿ ಬಿಡಲಿಲ್ಲ. ಅವರಿಗೆ ಕಳಿಸಿದ ಕೊನೆಯ ಪತ್ರದಲ್ಲಿ ಒಂದು ಸಾಲು ಸೇರಿಸಿದೆ, ಮೂರೇ ದಿನಕ್ಕೆ ಉತ್ತರ ಬಂತು. ಆ ಸಾಲನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಕಳಿಸಲು ಶುರು ಮಾಡಿದರೆ ಅದಕ್ಕೂ ಸಿದ್ಧ ಉತ್ತರ ಇಟ್ಟುಕೊಳ್ಳುತ್ತಾರೆ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಹೊಸ ಸಿಮ್ ತಗೊಂಡು ಅದನ್ನು ಎರಡು ವಾರ ಯಾರಿಗೂ ಕೊಡಲಿಲ್ಲ. ಎರಡೋ ಮೂರೋ ಕರೆ ಬಂದವು, ಎಲ್ಲ ಹಳೇ ಮಾಲೀಕನನ್ನು ಹುಡುಕಿಕೊಂಡು. ನಂಬರ್ ಬದಲಿಸಿದರೆ ಬೇರೆಯವರ ಕರೆ ನಮ್ಮ ಪಾಲಿಗೆ ಬರುತ್ತವೆ. ಭಾವನಿಗೆ ಆ ಪಟ್ಟಿ ತೋರಿಸಿದೆ.

ಮೋಸಗಾರರಿಗೆ ಈ ಪತ್ರ ನಾಟುವುದಿಲ್ಲ. ಅವರು ತೋರಿಸುವ ನಂಬರೇ ನಕಲಿ, ವಿಳಾಸವೇ ಇರುವುದಿಲ್ಲ. ಅಂಥವರ ಜೊತೆ ಮಾತಾಡಬೇಡಿ, ಕಟ್ ಮಾಡಿ. ಆದರೆ ಕಂಪನಿಯ ಹೆಸರು ಹೇಳಿ ಮಾತಾಡುವವರನ್ನು ಬೈದು ಕಳಿಸಬೇಡಿ, "ನನ್ನ ನಂಬರ್ ಯಾವ ಪಟ್ಟಿಯಿಂದ ಬಂತು?" ಅಂತ ಸಮಾಧಾನವಾಗಿ ಕೇಳಿ. ಹತ್ತರಲ್ಲಿ ಎಂಟು ಜನ ಫೋನ್ ಇಡುತ್ತಾರೆ. ಕಳೆದ ವಾರ ಒಬ್ಬ ಹುಡುಗ ಇಡಲಿಲ್ಲ. "ಒಂದ್ನಿಮಿಷ ಸರ್" ಅಂತ ಪರದೆ ನೋಡಿ ಹೆಸರು ಹೇಳಿದ. ನನ್ನ ಪಟ್ಟಿಯಲ್ಲಿಲ್ಲದ ಆರನೇ ಹೆಸರು ಅದು. ಅವತ್ತು ರಾತ್ರಿಯೇ ಪತ್ರ ಕಳಿಸಿದೆ.