ವೈಟ್‌ಬೋರ್ಡ್ ಚಿತ್ರದಿಂದ ಗೆರೆಗಳನ್ನು ಮಾತ್ರ ಬಿಡಿಸಿ ತೆಗೆಯುವುದು: ನನ್ನ ಅನುಭವ

ಕಾಸರಗೋಡಿನ ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ನಾನು ಭೌತವಿಜ್ಞಾನ ಕಲಿಸುತ್ತೇನೆ. ಪಠ್ಯಪುಸ್ತಕ ಕನ್ನಡದಲ್ಲಿ ಬರುತ್ತದೆ. ಆದರೆ ಪಾಠಕ್ಕೆ ಬೇಕಾದ ಹೆಚ್ಚುವರಿ ಚಿತ್ರಗಳನ್ನು ಹುಡುಕಿದರೆ ಹೆಸರುಗಳೆಲ್ಲ ಮಲಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುತ್ತವೆ. ಹಾಗಾಗಿ ತರಗತಿಯ ವೈಟ್‌ಬೋರ್ಡಿನ ಮೇಲೆ ನಾನೇ ಬರೆದ ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದು, ಸ್ಲೈಡ್‌ಗಳಿಗೂ ಪ್ರಶ್ನೆಪತ್ರಿಕೆಗಳಿಗೂ ಬಳಸುವ ರೂಢಿ ಮಾಡಿಕೊಂಡೆ. ಅದಕ್ಕೆ ಬೋರ್ಡು ಪೂರ್ತಿ ಮಾಯವಾಗಿ ಮಾರ್ಕರಿನ ಗೆರೆಗಳು ಮಾತ್ರ ಉಳಿಯಬೇಕು, ಹಿನ್ನೆಲೆ ಪಾರದರ್ಶಕವಾಗಬೇಕು. ಗಾಜಿನ ಫಲಕದ ಮೂಲಕ ಬೆಳಕು ಹಾದುಹೋಗುವ ಒಂದು ಚಿತ್ರವನ್ನೇ ಹಿಡಿದುಕೊಂಡು ಈ ಕೆಲಸವನ್ನು ವಿವರಿಸುತ್ತೇನೆ. ಕಪ್ಪಿನಲ್ಲಿ ಫಲಕ, ಕೆಂಪಿನಲ್ಲಿ ಪತನ ಕಿರಣ, ನೀಲಿಯಲ್ಲಿ ತುಂಡು ಗೆರೆಯ ಲಂಬ, ಪಕ್ಕದಲ್ಲಿ ‘ಬೆಳಕಿನ ಪಥ’ ಎಂಬ ಬರಹ, ಕೆಳಗೆ ವಕ್ರೀಭವನ ಸೂಚ್ಯಂಕ 1.5.

ಬೋರ್ಡು ನಮ್ಮ ಕಣ್ಣಿಗೆ ಬಿಳಿ. ಕ್ಯಾಮೆರಾ ಹಾಗೆ ನೋಡುವುದಿಲ್ಲ. ಮಳೆಗಾಲದ ಮಧ್ಯಾಹ್ನ ನಮ್ಮ ತರಗತಿಗೆ ಒಂದೇ ಬದಿಯ ಕಿಟಕಿಯಿಂದ ಬೆಳಕು ಬರುತ್ತದೆ. ಆ ಚಿತ್ರದಲ್ಲಿ ಕಿಟಕಿಯ ಹತ್ತಿರದ ಬೋರ್ಡು 225ರಷ್ಟು ಬೆಳ್ಳಗಿದ್ದರೆ ದೂರದ ಮೂಲೆ 150ಕ್ಕೆ ಇಳಿದಿರುತ್ತದೆ (ಪೂರ್ಣ ಬಿಳಿ ಎಂದರೆ 255, ಪೂರ್ಣ ಕಪ್ಪು 0). ಹೀಗಿರುವಾಗ ‘170ಕ್ಕಿಂತ ಬೆಳ್ಳಗಿರುವುದನ್ನೆಲ್ಲ ತೆಗೆದುಹಾಕು’ ಎಂದು ಒಂದೇ ಗಡಿ ಹಾಕಿದರೆ ದೂರದ ಮೂಲೆಯ ಖಾಲಿ ಬೋರ್ಡು ಕಪ್ಪು ಮಚ್ಚೆಯಾಗಿ ಉಳಿಯುತ್ತದೆ. ಗಡಿಯನ್ನು 140ಕ್ಕೆ ಇಳಿಸಿದರೆ ಮೂಲೆ ಸರಿಹೋಗುತ್ತದೆ, ಆದರೆ ಕಿಟಕಿಯ ಬಳಿ ತೆಳುವಾಗಿ ಬರೆದ ಅಕ್ಷರಗಳು ಹೋಗುತ್ತವೆ. ಒತ್ತಕ್ಷರಗಳು ಮೊದಲು ಹೋಗುತ್ತವೆ, ಏಕೆಂದರೆ ಅವುಗಳನ್ನು ಚಿಕ್ಕದಾಗಿ, ಕೈ ಹಗುರ ಮಾಡಿ ಬರೆದಿರುತ್ತೇವೆ. ಮಾಂತ್ರಿಕ ಕಡ್ಡಿಯ ಉಪಕರಣದಿಂದ ಬಿಳಿ ಭಾಗವನ್ನು ಆರಿಸಿ ಅಳಿಸುವವರಿಗೂ ಇದೇ ತೊಂದರೆ. ಜೊತೆಗೆ ಪ್ರತಿ ಗೆರೆಯ ಸುತ್ತ ಒಂದು ಬಿಳಿ ಅಂಚು ಉಳಿದುಬಿಡುತ್ತದೆ, ಬಣ್ಣದ ಸ್ಲೈಡಿನ ಮೇಲೆ ಇಟ್ಟಾಗ ಅದು ಎದ್ದು ಕಾಣುತ್ತದೆ.

ಇದಕ್ಕೆ ಪರಿಹಾರ ಭಾಗಾಕಾರ. ಬೆಳಕು ಕಡಿಮೆಯಾದಾಗ ಬೋರ್ಡಿನ ಬಿಳುಪೂ ಗೆರೆಯ ಬಣ್ಣವೂ ಒಂದೇ ಅನುಪಾತದಲ್ಲಿ ಮಸುಕಾಗುತ್ತವೆ. ಕಿಟಕಿಯ ಬಳಿ ಬೋರ್ಡು 225, ಕಪ್ಪು ಗೆರೆ 60. ಮೂಲೆಯಲ್ಲಿ ಬೋರ್ಡು 150, ಅದೇ ಮಾರ್ಕರಿನ ಗೆರೆ 40. ಕಳೆದು ನೋಡಿದರೆ ವ್ಯತ್ಯಾಸ ಒಂದು ಕಡೆ 165, ಇನ್ನೊಂದು ಕಡೆ 110, ಎರಡಕ್ಕೂ ತಾಳೆಯಿಲ್ಲ. ಭಾಗಿಸಿ ನೋಡಿದರೆ ಎರಡೂ ಕಡೆ ಸುಮಾರು 0.27. ಖಾಲಿ ಬೋರ್ಡನ್ನು ಅದರಿಂದಲೇ ಭಾಗಿಸಿದರೆ ಎಲ್ಲೆಡೆ 1, ಅಂದರೆ ಶುದ್ಧ ಬಿಳಿ. ಹಾಗಾಗಿ ಗೆರೆಗಳಿಲ್ಲದ ಖಾಲಿ ಬೋರ್ಡಿನ ಚಿತ್ರವೊಂದು ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಅದನ್ನು ಬೇರೆಯಾಗಿ ತೆಗೆಯಬೇಕಾಗಿಲ್ಲ, ಬರೆದ ಬೋರ್ಡಿನ ಚಿತ್ರದಿಂದಲೇ ಪಡೆಯಬಹುದು.

ಕೇರಳದ ಶಾಲೆಗಳ ಲ್ಯಾಪ್‌ಟಾಪ್‌ಗಳಲ್ಲಿ ಉಬುಂಟು ಆಧಾರಿತ ಕೈಟ್ ಗ್ನೂ/ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಇದೆ, ಚಿತ್ರ ತಿದ್ದುವ ಗಿಂಪ್ ತಂತ್ರಾಂಶ ಅದರೊಂದಿಗೇ ಬರುತ್ತದೆ. ನಾನು ಗಿಂಪ್ 2.10ರಲ್ಲಿ ಮಾಡುವ ಕ್ರಮ ಹೀಗಿದೆ. ಚಿತ್ರವನ್ನು ತೆರೆದು ಬೋರ್ಡಿನ ಚೌಕಟ್ಟು, ಗೋಡೆ ಎಲ್ಲವನ್ನೂ ಕತ್ತರಿಸಿ, ಪದರದ ಒಂದು ನಕಲು ಮಾಡುತ್ತೇನೆ. ಮೇಲಿನ ನಕಲಿನ ಮೇಲೆ `Filters > Blur > Median Blur` ಹಾಕುತ್ತೇನೆ. ಸುತ್ತಲಿನ ಚುಕ್ಕಿಗಳ, ಅಂದರೆ ಪಿಕ್ಸೆಲ್‌ಗಳ, ನಡುಮೌಲ್ಯವನ್ನು ಆರಿಸುವ ಶೋಧಕ ಅದು. ಗೆರೆ ತೆಳು, ಬೋರ್ಡು ವಿಶಾಲ, ಆದ್ದರಿಂದ ನಡುಮೌಲ್ಯ ಸಾಮಾನ್ಯವಾಗಿ ಬೋರ್ಡಿನದೇ ಆಗಿ ಗೆರೆಗಳು ಕರಗಿಹೋಗುತ್ತವೆ. ನಾಲ್ಕು ಅಡಿ ಅಗಲದ ಬೋರ್ಡನ್ನು 4000 ಚುಕ್ಕಿ ಅಗಲದ ಚಿತ್ರವಾಗಿ ತೆಗೆದರೆ ಮಾರ್ಕರ್ ಗೆರೆ ಸುಮಾರು 10 ಚುಕ್ಕಿ ದಪ್ಪ ಬರುತ್ತದೆ. ಅದಕ್ಕೆ ತ್ರಿಜ್ಯ 40 ಸಾಕು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಮಸುಕಾದ ಪದರದಲ್ಲಿ ಚಿತ್ರದ ನೆರಳು ಎಲ್ಲಿಯಾದರೂ ಉಳಿದಿದೆಯೇ? ನನ್ನ ಚಿತ್ರದಲ್ಲಿ ಗಾಜಿನ ಫಲಕದ ಒಳಗೆ ಒತ್ತೊತ್ತಾಗಿ ಓರೆಗೆರೆ ಎಳೆದಿದ್ದ ಜಾಗದಲ್ಲಿ ಒಂದು ಕಂದು ಮೋಡ ಉಳಿದಿತ್ತು. ಅಲ್ಲಿ ಅರ್ಧಕ್ಕಿಂತ ಹೆಚ್ಚು ಶಾಯಿಯೇ ಇದ್ದುದರಿಂದ ನಡುಮೌಲ್ಯ ಶಾಯಿಯ ಕಡೆಗೆ ವಾಲಿತ್ತು. ಹಾಗೆಯೇ ಬಿಟ್ಟು ಭಾಗಿಸಿದರೆ ಆ ಗೆರೆಗಳು ಬಿಳಿಚಿಕೊಳ್ಳುತ್ತವೆ. ಅದೇ ಪೆಟ್ಟಿಗೆಯಲ್ಲಿರುವ `Percentile` ಅನ್ನು 50ರಿಂದ 80ಕ್ಕೆ ಏರಿಸಿದರೆ ಶೋಧಕ ನಡುವಿನ ಬದಲು ಬಿಳಿಯ ಕಡೆಯ ಮೌಲ್ಯವನ್ನು ಆರಿಸುತ್ತದೆ, ಮೋಡ ಹೋಗುತ್ತದೆ. ದಪ್ಪವಾಗಿ ಪೂರ್ತಿ ತುಂಬಿಸಿದ ಭಾಗಗಳಿಗೆ ಇದೂ ಸಾಲದು, ತ್ರಿಜ್ಯವನ್ನೇ ಹೆಚ್ಚಿಸಬೇಕು. ಅದಕ್ಕಿಂತ ಬೋರ್ಡಿನ ಮೇಲೆ ತುಂಬಿಸದೆ ಓರೆಗೆರೆ ಎಳೆಯುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಮಸುಕಾದ ಪದರದ ಬಗೆಯನ್ನು `Divide` ಎಂದು ಬದಲಾಯಿಸಿದ ಕೂಡಲೇ ಬೋರ್ಡು ಒಂದೇ ಸಮನಾಗಿ ಬೆಳ್ಳಗಾಗುತ್ತದೆ. ಎರಡೂ ಪದರಗಳನ್ನು ಸೇರಿಸಿ `Colors > Levels` ತೆರೆದು, ಬಲಗಡೆಯ ಬಿಳಿ ತ್ರಿಕೋನವನ್ನು 255ರಿಂದ 230ರ ಆಸುಪಾಸಿಗೆ ತರುತ್ತೇನೆ. ಹಿಂದಿನ ಪಾಠದ್ದು ಅರ್ಧಂಬರ್ಧ ಅಳಿಸಿ ಉಳಿದ ಕಲೆಗಳು ಭಾಗಾಕಾರದ ನಂತರ ಸಾಮಾನ್ಯವಾಗಿ 235ಕ್ಕಿಂತ ಮೇಲೆಯೇ ಇರುತ್ತವೆ, ಅವು ಇಲ್ಲಿ ಬಿಳಿಯಲ್ಲಿ ಲೀನವಾಗುತ್ತವೆ. ಒಣಗುತ್ತ ಬಂದ ಮಾರ್ಕರಿನ ಗೆರೆ ಕೂಡ ಹತ್ತಿರ ಹತ್ತಿರ ಅಷ್ಟೇ ತೆಳುವಾಗಿದ್ದರೆ ಅದನ್ನೂ ಕಲೆಯನ್ನೂ ಯಾವ ತಂತ್ರವೂ ಬೇರ್ಪಡಿಸಲಾರದು. ಒದ್ದೆ ಬಟ್ಟೆಯಿಂದ ಬೋರ್ಡು ಒರೆಸಿ, ಹೊಸ ಮಾರ್ಕರಿನಲ್ಲಿ ಬರೆಯುವುದೊಂದೇ ದಾರಿ.

ಈಗ `Colors > Color to Alpha`, ಬಣ್ಣ ಬಿಳಿ. ಇದು ಬಿಳಿಯನ್ನು ಕತ್ತರಿಸಿ ಹಾಕುವುದಿಲ್ಲ. ಪ್ರತಿ ಚುಕ್ಕಿಯಲ್ಲಿ ಎಷ್ಟು ಬಿಳಿ ಬೆರೆತಿದೆಯೋ ಅಷ್ಟನ್ನು ಹೀರಿಕೊಂಡು, ಉಳಿದ ಬಣ್ಣವನ್ನು ತಕ್ಕಷ್ಟು ಪಾರದರ್ಶಕವಾಗಿಸುತ್ತದೆ. ಕೆಂಪು ಕಿರಣದ ಅಂಚಿನಲ್ಲಿ 255, 200, 200 ಎಂಬ ನಸುಗೆಂಪು ಚುಕ್ಕಿ ಇದ್ದರೆ ಅದು ಶೇಕಡಾ 22ರಷ್ಟು ಮಾತ್ರ ಕಾಣುವ ಶುದ್ಧ ಕೆಂಪಾಗುತ್ತದೆ. ಹಾಗಾಗಿ ಅಂಚುಗಳು ನುಣುಪಾಗಿ ಬರುತ್ತವೆ, ಬಿಳಿ ಉಂಗುರ ಬರುವುದಿಲ್ಲ. ಇದಕ್ಕೂ ಮೊದಲು ಚಿತ್ರವನ್ನು ಕಪ್ಪು-ಬಿಳುಪಿಗೆ ಇಳಿಸಬಾರದು. ಹಳದಿ ಗೆರೆಗಳು ಕಪ್ಪು-ಬಿಳುಪಿನಲ್ಲಿ ಹೆಚ್ಚುಕಡಿಮೆ ಬೋರ್ಡಿನಷ್ಟೇ ಬೆಳ್ಳಗೆ ಕಾಣುತ್ತವೆ. ಬಣ್ಣದಲ್ಲಿ ನೋಡಿದರೆ ನೀಲಿಯ ಅಂಶ ತೀರಾ ಕಡಿಮೆ ಇರುವುದರಿಂದ ಅವು ಭದ್ರವಾಗಿ ಉಳಿಯುತ್ತವೆ.

ಇಷ್ಟಾದ ಮೇಲೂ ಗೆರೆಗಳು ಕೊಂಚ ಬಡವಾಗಿ ಕಾಣುತ್ತವೆ. ನಮ್ಮ ಕಪ್ಪು ಗೆರೆ 255ರ ಲೆಕ್ಕದಲ್ಲಿ 68 ಇತ್ತು, `Levels` ನಂತರ 75 ಆಯಿತು, ಆದ್ದರಿಂದ ಅದರ ಗಾಢತೆ 255ಕ್ಕೆ 180 ಮಾತ್ರ. ಬಣ್ಣದ ಸ್ಲೈಡಿನ ಮೇಲೆ ಹಿಂದಿನ ಬಣ್ಣ ಅದರೊಳಗಿಂದ ಇಣುಕುತ್ತದೆ. ಮತ್ತೆ `Levels` ತೆರೆದು, ಚಾನೆಲನ್ನು ಪಾರದರ್ಶಕತೆಯ ಅಳತೆಯಾದ `Alpha` ಎಂದು ಬದಲಾಯಿಸಿ, ಬಿಳಿ ತ್ರಿಕೋನವನ್ನು 180ಕ್ಕೆ ತಂದರೆ ಗೆರೆಯ ನಡುಭಾಗ ಪೂರ್ತಿ ಗಟ್ಟಿಯಾಗುತ್ತದೆ, ಬಣ್ಣ ಬದಲಾಗುವುದಿಲ್ಲ. ಇದೇ ಕೆಲಸವನ್ನು ಮೊದಲೇ ಬಣ್ಣದ ಚಾನೆಲ್‌ಗಳ ಕಪ್ಪು ತ್ರಿಕೋನ ಎಳೆದು ಮಾಡಿದರೆ ಕೆಂಪು ಹೋಗಿ ಕಂದಾಗುವ ಅಪಾಯವಿದೆ.

ಉಳಿದ ಕಸವನ್ನು ತೆಗೆಯಲು ಬಹಳ ಮಂದಿ `Despeckle` ಶೋಧಕಕ್ಕೆ ಕೈಹಾಕುತ್ತಾರೆ. ಕನ್ನಡ ಬರಹವಿದ್ದರೆ ಅದನ್ನು ಮುಟ್ಟಲೇಬಾರದು. ಚಿಕ್ಕ ಚುಕ್ಕಿಗಳೆಲ್ಲ ಕಸವೆಂದು ತಿಳಿಯುವ ಶೋಧಕ ಅದು. ‘ಪಥ’ದ ಥಕಾರದ ಹೊಟ್ಟೆಯೊಳಗಿನ ಚುಕ್ಕಿ ಹೋದರೆ ‘ಪಧ’ ಎಂದಾಗುತ್ತದೆ. 1.5ರ ಬಿಂದು ಹೋದರೆ ಗಾಜಿನ ವಕ್ರೀಭವನ ಸೂಚ್ಯಂಕ 15! ಪರೀಕ್ಷೆಯ ಹಾಳೆಯಲ್ಲಿ ಇದು ಸಣ್ಣ ವಿಷಯವಲ್ಲ. ದೊಡ್ಡದು ಮಾಡಿ ನೋಡಿಕೊಂಡು, ಅಳಿಸುವ ಉಪಕರಣದಿಂದ ಕೈಯಾರೆ ಒರೆಸುವುದೇ ಸರಿ.

ಚಿತ್ರ ಸ್ವಚ್ಛವಾಗಿದೆಯೇ ಎಂದು ಚೌಕಳಿ ಹಿನ್ನೆಲೆಯಲ್ಲಿ ನೋಡಿದರೆ ತಿಳಿಯುವುದಿಲ್ಲ. ಕೆಳಗೆ ಒಂದು ಹಳದಿ ಪದರ ಹಾಕಿ ನೋಡುತ್ತೇನೆ: ಉಳಿದ ಮಬ್ಬು ಕೊಳೆಯಂತೆ ಕಾಣುತ್ತದೆ. ಬಳಿಕ ಕಡುನೀಲಿ ಪದರ: ಬಿಳಿ ಅಂಚು ಉಳಿದಿದ್ದರೆ ಅದು ಹೊಳೆಯುತ್ತದೆ. ಜೀವವಿಜ್ಞಾನದ ಟೀಚರ್ ಒಮ್ಮೆ ತಮ್ಮ ಹೃದಯದ ಚಿತ್ರವನ್ನು ತಂದು, “ಮಾಷ್ಟ್ರೇ, ನನ್ನ ಸ್ಲೈಡಿನಲ್ಲಿ ಎಲ್ಲ ಸರಿ ಇತ್ತು, ಮುದ್ರಿಸಿದಾಗ ಒಂದು ಬದಿ ಬೂದಿ ಬಣ್ಣ ಯಾಕೆ ಬಂತು?” ಎಂದು ಕೇಳಿದರು. ಅವರ ಸ್ಲೈಡ್ ಕಡುನೀಲಿ. ಗಾಢ ಹಿನ್ನೆಲೆಯಲ್ಲಿ ಕಾಣದ ಮಬ್ಬು ಬಿಳಿ ಕಾಗದದ ಮೇಲೆ ಕಾಣಿಸಿಕೊಂಡಿತ್ತು. `Alpha` ಚಾನೆಲಿನ ಎಡಗಡೆಯ ತ್ರಿಕೋನವನ್ನು 15ರಷ್ಟು ಒಳಗೆ ತಂದಾಗ ಅದು ಹೋಯಿತು.

ಒಂದಕ್ಕೆ ಮಾತ್ರ ಇಲ್ಲಿ ಔಷಧವಿಲ್ಲ. ಟ್ಯೂಬ್‌ಲೈಟಿನ ಪ್ರತಿಫಲನ ಬೋರ್ಡಿನ ಮೇಲೆ ಬಿದ್ದ ಜಾಗದಲ್ಲಿ ಎಲ್ಲವೂ 255 ಆಗಿರುತ್ತದೆ, ಗೆರೆಯ ಗುರುತೇ ದಾಖಲಾಗಿರುವುದಿಲ್ಲ. ಫ್ಲ್ಯಾಶ್ ಹಾಕದೆ, ಎದುರಿಗೆ ನಿಲ್ಲದೆ ಒಂದು ಬದಿಗೆ ಸರಿದು ತೆಗೆಯಬೇಕು. ಓರೆಯಾದ ಚಿತ್ರವನ್ನು `Perspective` ಉಪಕರಣದಿಂದ ನೆಟ್ಟಗೆ ಮಾಡಿಕೊಳ್ಳಬಹುದು.

ಒಂದು ಪಾಠದ ಚಿತ್ರಗಳೆಲ್ಲ ಒಟ್ಟಿಗೆ ಬಂದಾಗ ಗಿಂಪ್ ಬಿಟ್ಟು ಪೈಥಾನಿನಲ್ಲಿ, ಒಂದೊಂದು ಚಿತ್ರಕ್ಕೂ ಕಡತದ ಹೆಸರು ಬದಲಾಯಿಸಿ, ಇದೇ ಲೆಕ್ಕವನ್ನು ಓಡಿಸುತ್ತೇನೆ:

```python
import cv2, numpy as np
im = cv2.imread("board.jpg")
bg = cv2.dilate(im, np.ones((25, 25), np.uint8))
bg = np.maximum(cv2.medianBlur(bg, 101), 1)
d = np.clip(im / bg, 0, 1)
a = 1 - d.min(axis=2)
k = np.maximum(a, 0.01)[..., None]
c = np.clip((d - (1 - k)) / k, 0, 1)
a = np.clip((a - 0.12) / 0.55, 0, 1)
out = np.dstack([c, a]) * 255
cv2.imwrite("board.png", out.astype(np.uint8))
```

ಇದರಲ್ಲಿ `dilate` ಗೆರೆಗಳನ್ನು ಬಿಳಿಯಿಂದ ನುಂಗಿಸುತ್ತದೆ, ಆದ್ದರಿಂದ 25 ಎಂಬುದು ಗೆರೆಯ ದಪ್ಪಕ್ಕಿಂತ ದೊಡ್ಡದಿರಬೇಕು. 0.12 ಮಬ್ಬನ್ನು ಕತ್ತರಿಸುವ ಮಟ್ಟ. ಬೋರ್ಡು ಹಳೆಯದಾಗಿ ಗೀಚುಗಳು ಹೆಚ್ಚಿದ್ದರೆ 0.18ರವರೆಗೆ ಏರಿಸುತ್ತೇನೆ. 0.55ನ್ನು ಕಡಿಮೆ ಮಾಡಿದಷ್ಟೂ ಗೆರೆ ಗಟ್ಟಿಯಾಗುತ್ತದೆ, ಅಂಚು ಒರಟಾಗುತ್ತದೆ.

ಉಳಿಸುವಾಗ ಪಿಎನ್‌ಜಿ ಆಗಿಯೇ ಉಳಿಸಬೇಕು, ಜೆಪೆಗ್‌ನಲ್ಲಿ ಪಾರದರ್ಶಕತೆಗೆ ಜಾಗವಿಲ್ಲ. ಮೊಬೈಲ್ ಸಂದೇಶದಲ್ಲಿ ಚಿತ್ರವಾಗಿ ಕಳುಹಿಸಿದರೆ ದಾರಿಯಲ್ಲೇ ಅದು ಜೆಪೆಗ್ ಆಗಿಬಿಡುವುದುಂಟು, ಹಾಗಾಗಿ ಸಹೋದ್ಯೋಗಿಗಳಿಗೆ ನಾನು ಯಾವಾಗಲೂ ಡಾಕ್ಯುಮೆಂಟ್ ರೂಪದಲ್ಲೇ ಕಳುಹಿಸುತ್ತೇನೆ.