ಕೈ ಎತ್ತಿದರೂ ಭುಜ ಹಿಂಡದ ಹಾಗೆ: ನನ್ನ ಅನುಭವ

ತಲೆ ಮೇಲೆ ತೊಗರಿ ಬುಟ್ಟಿ, ಅದನ್ನು ಹಿಡಿದ ಒಂದು ಕೈ. ಕಲಬುರಗಿ ಸುತ್ತಲಿನ ಹೊಲದ ದಾರಿಯಲ್ಲಿ ದಿನಾ ಕಾಣುವ ಹೆಣ್ಣುಮಗಳು. ಬ್ಲೆಂಡರ್ ಅನ್ನೋ 3D ಸಾಫ್ಟ್‌ವೇರ್‌ನಲ್ಲಿ ನಾನು ಮಾಡಿದ ಹೆಣ್ಣುಮಗಳು ಕೈ ಎತ್ತಿದರೆ ಭುಜದ ಮೇಲೆ ಒದ್ದೆ ಬಟ್ಟೆ ಹಿಂಡಿದ ಹಾಗೆ ಮಡಿಕೆ ಬೀಳುತ್ತಿತ್ತು, ರವಿಕೆಯ ಹೊಲಿಗೆ ಒಳಗೆ ಹೋಗುತ್ತಿತ್ತು.

"ವೇಟ್ ಪೇಂಟ್ ಸರಿ ಮಾಡಣ್ಣ, ಶೇಪ್ ಕೀ ಮುಖಕ್ಕಷ್ಟೇ" ಅಂದರು ಜೊತೆಗಾರರು. ಯಾವ ಬೋನ್ ಮೈಯ ಯಾವ ಭಾಗವನ್ನು ಎಷ್ಟು ಎಳೆಯಬೇಕು ಅಂತ ಬಳಿಯುವುದು ವೇಟ್ ಪೇಂಟ್, ಮೈಯ ಆಕಾರವನ್ನೇ ತಿದ್ದಿ ಉಳಿಸಿಕೊಳ್ಳುವುದು ಶೇಪ್ ಕೀ. ಸುಮಾರು ₹4,000 ಕೊಟ್ಟು ಬೇರೆಯವರಿಂದ ಪೇಂಟ್ ಮಾಡಿಸಿದೆ. ಮಡಿಕೆ ಅರ್ಧ ಇಂಚು ಸರಿಯಿತು, ಹೋಗಲಿಲ್ಲ. ಪ್ರಿಸರ್ವ್ ವಾಲ್ಯೂಮ್ ಹಾಕಿದರೆ ಭುಜವೇ ಉಬ್ಬಿತು. ಕರೆಕ್ಟಿವ್ ಸ್ಮೂತ್ ಹಾಕಿದರೆ ರವಿಕೆಯ ಅಂಚೇ ಅಳಿಸಿಹೋಯಿತು. ಎರಡು ವಾರ ಹೀಗೇ ಹೋಯಿತು.

ಆಮೇಲೆ ಕೈಯನ್ನು ಪೂರ್ತಿ ಎತ್ತಿ, ಆ ಭಂಗಿಯಲ್ಲೇ ಹೊಸ ಶೇಪ್ ಕೀ ತೆಗೆದು ಭುಜವನ್ನು ಸ್ಕಲ್ಪ್ಟ್ ಮಾಡಿದೆ. ಆರ್ಮೇಚರ್ ಅಪ್ಲೈ ಮಾಡಿ ಅದನ್ನೇ ಶೇಪ್ ಆಗಿ ಸೇರಿಸಬೇಡಿ. ನಾನು ಹಾಗೆ ಮಾಡಿ, ತೋಳು ಎರಡು ಸಲ ತಿರುಗಿ ಬೆನ್ನ ಹಿಂದೆ ಹೋಗಿತ್ತು.

ಕೈ ಎತ್ತಿದಷ್ಟೂ ಕೀ ತಾನೇ ಏರಲಿ ಅಂತ ಡ್ರೈವರ್ ಹಾಕಿ, ಅದಕ್ಕೆ ಮೊದಲು Rotational Difference ಇಟ್ಟೆ. ತಪ್ಪಾಯಿತು. ಅದು ಕೋನ ಎಷ್ಟು ಅಂತ ಮಾತ್ರ ಹೇಳುತ್ತದೆ, ಯಾವ ಕಡೆ ಅಂತ ಹೇಳೋದಿಲ್ಲ. ಬೀಜ ಚೆಲ್ಲುವ ಶಾಟ್‌ನಲ್ಲಿ ಕೈ ಮುಂದೆ ಚಾಚಿದರೂ ಭುಜ ಉಬ್ಬಿತು! ಈಗ Transform Channel, ಮೋಡ್ Swing and Y Twist, Local Space. ನನ್ನ ಬೋನ್ ರೋಲ್‌ಗೆ ಎತ್ತುವ ಅಕ್ಷ Z ಬಂತು, ನಿಮಗೆ X ಬರಬಹುದು. ಕೈ ಎತ್ತಿ ನೋಡಿ, ಯಾವ ಅಂಕಿ ಓಡುತ್ತದೋ ಅದೇ.

```
smoothstep(0.7, 1.66, var)
```

ಇಲ್ಲಿ `var` ಬರುವುದು ರೇಡಿಯನ್‌ನಲ್ಲಿ. ಅಂದರೆ 40 ಡಿಗ್ರಿ ಹತ್ತಿರ ಶುರು, 95ರ ಸುಮಾರಿಗೆ ಪೂರ್ತಿ. ಉಳಿದದ್ದನ್ನು ಕಾಲರ್ ಬೋನ್ ಎತ್ತುತ್ತದೆ.

ಕೊನೆಯ ಭಂಗಿ ಚಂದ ಬಂತು, ಆದರೆ ನಡುವೆ ಉಬ್ಬು. ಕೀ ಹೋಗುವುದು ನೇರ ಗೆರೆಯಲ್ಲಿ, ತೋಳು ಹೋಗುವುದು ದುಂಡಗೆ. ಅದಕ್ಕೇ 60 ಡಿಗ್ರಿಗೆ ನಿಲ್ಲಿಸಿ, ಮೊದಲ ಕೀ ಇದ್ದ ಹಾಗೇ ಬಿಟ್ಟು, ಅದರ ಮೇಲೆ ಎರಡನೆಯದನ್ನು ಮಾಡಿದೆ:

```
max(0, 1 - abs(var - 1.05) / 0.6)
```

ಇದೇ ನನ್ನ ಹೆಮ್ಮೆ. ಜೊತೆಗಾರರ್ಯಾರೂ ಈ ಎರಡನೇ ಕೀ ಬೇಕು ಅಂದಿರಲಿಲ್ಲ. ಕಂಕುಳ ಮಡಿಕೆಗೆ ಇನ್ನೊಂದು ಸಣ್ಣ ಕೀ ಇದೆ, ಅದನ್ನು ಸದ್ಯ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಬಲಗಡೆಗೆ ಕೀ ಮಿರರ್ ಮಾಡಿದ ಮೇಲೆ ಡ್ರೈವರ್ ಸುಮ್ನೆ ಕೂತಿತ್ತು. Z ಆ ಕಡೆ ಮೈನಸ್ ಬರುತ್ತಿತ್ತು. `var` ಇದ್ದಲ್ಲಿ `-var` ಬರೆದೆ, ಎದ್ದಿತು. ಹದಿನೆಂಟು ಶಾಟ್‌ಗಳಲ್ಲಿ ಒಂದರಲ್ಲೂ ಭುಜ ಕೈಯಿಂದ ತಿದ್ದಲಿಲ್ಲ. ಕೆಲಸದ ₹18,000 ಪೂರ್ತಿ ಬಂತು.

ಒಂದೇ ಕಷ್ಟ. ಆಮೇಲೆ ರವಿಕೆ ತೋಳಿಗೆ ಎರಡು ಲೂಪ್ ಸೇರಿಸಿದೆ. ಆ ಹೊಸ ಗೆರೆಗಳ ಜಾಗದಲ್ಲಿ ತಿದ್ದುಪಡಿ ಹಾಳಾಗಿ, ಎರಡೂ ಕೀಗಳ ತೋಳಿನ ಭಾಗವನ್ನು ಮತ್ತೆ ಸ್ಕಲ್ಪ್ಟ್ ಮಾಡಬೇಕಾಯಿತು.