ರಿಂಗರ್ ಪರೀಕ್ಷೆಗೆ ಹಾಡು ಬಿಟ್ಟು ಸ್ವೀಪ್ ಹಿಡಿದ ಕಥೆ

ಬದಿಯಡ್ಕದ ಹತ್ತಿರ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಮಳೆಗಾಲ ಬಂತೆಂದರೆ ರಿಂಗರ್, ಅಂದರೆ ಹೊರಗೆ ಸದ್ದು ಮಾಡುವ ಸ್ಪೀಕರ್, ಅದರ ಕೆಲಸವೇ ಜಾಸ್ತಿ. ಮೊದಲೆಲ್ಲ ಹೊಸ ರಿಂಗರ್ ಹಾಕಿ, ಒಂದು ಹಾಡು ಬಾರಿಸಿ, "ಸರಿ ಉಂಟು" ಎಂದು ಕೊಟ್ಟುಬಿಡುತ್ತಿದ್ದೆ. ನಾಲ್ಕು ದಿನ ಬಿಟ್ಟು ಅದೇ ಫೋನ್ ವಾಪಸ್: "ಸೌಂಡ್ ಒಡೀತದೆ." ತಿಂಗಳಿಗೆ ಏಳೆಂಟು ಹೀಗೆ ಬರುತ್ತಿದ್ದವು. ಒಂದೊಂದಕ್ಕೂ ನೂರೈವತ್ತು ರೂಪಾಯಿಯ ಮಾಲು ಮತ್ತು ಅರ್ಧ ಗಂಟೆ ಕೈಬಿಟ್ಟು ಹೋಗುತ್ತಿತ್ತು.

ಹಾಡಿನಲ್ಲಿ ದೋಷ ಅಡಗಿಕೊಳ್ಳುತ್ತದೆ. ರಿಂಗರ್‌ನೊಳಗಿನ ಕಾಯಿಲ್ ಉಜ್ಜುವ 'ಜಿರ್' ಸದ್ದು ತಾಳದ ಗದ್ದಲದಲ್ಲಿ ಕೇಳುವುದೇ ಇಲ್ಲ. ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಏರುವ ಒಂದೇ ಸ್ವರ, ಅಂದರೆ ಸ್ವೀಪ್, ಬಾರಿಸಿದರೆ ಅದು ಹೊರಬಂದೇ ಬರುತ್ತದೆ ಎಂದು ನನಗನಿಸಿತು. ಪಕ್ಕದ ಅಂಗಡಿಯವರು "ಎಂತ ಮಾರಾಯಾ, ಕೀ ಕೀ ಅಂತ ಸದ್ದು ಮಾಡಿ ರಿಪೇರಿ ಮಾಡ್ಲಿಕ್ಕೆ ಆಗ್ತದಾ?" ಎಂದರು. ಈಗ ಅವರೂ ಆ ಫೈಲ್ ಕೇಳಿ ತೆಗೆದುಕೊಂಡು ಹೋಗಿದ್ದಾರೆ.

ಮೊದಲ ಸಲ ಕೆಟ್ಟೇ ಹೋಯಿತು. 20ರಿಂದ 20000 ಹರ್ಟ್ಸ್‌ವರೆಗೆ ಹತ್ತು ಸೆಕೆಂಡಿನ ಸ್ವೀಪ್ ಬರೆದೆ. ಪ್ರತಿ ಕ್ಷಣದ ಆವರ್ತನವನ್ನು ನೇರವಾಗಿ `sin(2*pi*f*t)`ಗೆ ತುಂಬಿಸಿದೆ. ಬಾರಿಸಿದರೆ ಸ್ವರ ಏರಿತು, ನಡುವೆ ಮೂರೂವರೆ ಸೆಕೆಂಡು ಏನೂ ಇಲ್ಲ, ಆಮೇಲೆ ಕೆಳಕ್ಕೆ ಇಳಿದು ಬಂತು! ಫೋನೇ ಕೆಟ್ಟಿದೆ ಎಂದು ಎರಡು ಸಂಜೆ ಬೇರೆ ಬೇರೆ ಫೋನ್ ಬದಲಿಸಿದೆ. ತಪ್ಪು ಸೂತ್ರದಲ್ಲಿತ್ತು. ಆವರ್ತನ ಬದಲಾಗುತ್ತಿರುವಾಗ ಅದನ್ನು ಸಮಯದಿಂದ ಗುಣಿಸಿದರೆ ಸ್ವರ ಎರಡು ಪಟ್ಟು ವೇಗದಲ್ಲಿ ಏರುತ್ತದೆ. ಕೊನೆಗೆ ಅದು 40000ದ ಹತ್ತಿರ ಹೋಗಿತ್ತು. ಸೆಕೆಂಡಿಗೆ 44100 ಸ್ಯಾಂಪಲ್ ಇರುವ ಫೈಲ್‌ನಲ್ಲಿ ಅದರ ಅರ್ಧ, 22050ಕ್ಕಿಂತ ಮೇಲೆ ಜಾಗವಿಲ್ಲ. ಅಲ್ಲಿಂದ ಮಡಚಿಕೊಂಡು ಕೆಳಗಿಳಿದು 4100ರ ಆಸುಪಾಸಿನಲ್ಲಿ ನಿಂತಿತ್ತು. ನಿಮ್ಮ ಸ್ವೀಪ್ ಹೋಗಿ ವಾಪಸ್ ಬಂದರೆ ಇದೇ ಕಾರಣ. ಆವರ್ತನವನ್ನು ಕೂಡಿಸುತ್ತಾ ಹೋಗಿ sin ಒಳಗಿನ ಕೋನವನ್ನು, ಅಂದರೆ ಫೇಸನ್ನು, ಕಂಡುಹಿಡಿಯಬೇಕು. ಈಗ ನಾನು ಬಳಸುವುದು ಇದು:

```python
import numpy as np
from scipy.io import wavfile

fs, T = 48000, 20
f0, f1 = 200, 12000
t = np.arange(fs * T) / fs
k = np.log(f1 / f0)
x = 0.1 * np.sin(2*np.pi*f0*T/k * (np.exp(k*t/T) - 1))
n = fs // 20
x[:n] *= np.linspace(0, 1, n)
x[-n:] *= np.linspace(1, 0, n)
wavfile.write("sweep.wav", fs, (x * 32767).astype(np.int16))
```

ಇದು ಲಾಗ್ ಸ್ವೀಪ್. ಒಂದೇ ವೇಗದಲ್ಲಿ ಏರುವ ಸ್ವೀಪ್ ಆದರೆ 200ರಿಂದ 1000ದವರೆಗಿನ ಭಾಗ ಒಂದೂವರೆ ಸೆಕೆಂಡಿನೊಳಗೆ ಓಡಿಹೋಗುತ್ತದೆ. ಇದರಲ್ಲಿ ಅದಕ್ಕೆ ಸುಮಾರು ಎಂಟು ಸೆಕೆಂಡು ಸಿಗುತ್ತದೆ. ರಿಂಗರ್‌ನ ರೋಗವೆಲ್ಲ ಇರುವುದು ಅಲ್ಲೇ. ಹೆಚ್ಚಿನ ರಿಂಗರ್‌ಗಳ ರೆಸೊನೆನ್ಸ್ 700ರಿಂದ 1000 ಹರ್ಟ್ಸ್ ನಡುವೆ ಬೀಳುತ್ತದೆ. ರಿಂಗರ್‌ನೊಳಗಿನ ಪೊರೆ ಅತಿ ಹೆಚ್ಚು ಅಲ್ಲಾಡುವುದು ಅಲ್ಲಿ ಮತ್ತು ಅದಕ್ಕಿಂತ ಕೆಳಗೆ. ಕಾಯಿಲ್ ತಾಗುವುದಿದ್ದರೆ ಅಲ್ಲೇ ತಾಗುತ್ತದೆ. ಆದಿ ಅಂತ್ಯದ ಆ ಚಿಕ್ಕ ಫೇಡ್ ಬಿಡಬೇಡಿ. ಅದಿಲ್ಲದಿದ್ದರೆ 'ಟಕ್' ಎನ್ನುವ ಸದ್ದು ಬಂದು, ದೋಷವೋ ಫೈಲೋ ಎಂದು ಗೊತ್ತಾಗುವುದಿಲ್ಲ.

20ರಿಂದ ಯಾಕೆ ಶುರು ಮಾಡುವುದಿಲ್ಲ ಎಂದು ಕೇಳುತ್ತಾರೆ. ಫೋನಿನ ಸ್ಪೀಕರಿನ ಸದ್ದು ರೆಸೊನೆನ್ಸ್‌ನ ಕೆಳಗೆ ಬೀಳುತ್ತಾ ಹೋಗುತ್ತದೆ, ಸುಮಾರು 300ರ ಕೆಳಗೆ ಬಹಳ ಕಡಿಮೆ. 100 ಹರ್ಟ್ಸ್ ಬಾರಿಸಿದಾಗ ಏನೋ ಕೇಳುತ್ತದಲ್ಲ, ಅದು 100 ಅಲ್ಲ. ಇನ್ನೊಂದು ಫೋನಿನಲ್ಲಿ ರೆಕಾರ್ಡ್ ಮಾಡಿ ಸ್ಪೆಕ್ಟ್ರಮ್ ನೋಡಿದೆ. 200, 300, 400ರಲ್ಲಿ ಗೆರೆಗಳು ಎದ್ದಿದ್ದವು, 100ರಲ್ಲಿ ಹೆಸರಿಗೆ ಮಾತ್ರ. ಅಂದರೆ ನಾವು ಕೇಳುವುದು ಸ್ಪೀಕರಿನ ವಿಕಾರವನ್ನು. ರೆಕಾರ್ಡ್ ಮಾಡುವಾಗ ನಾಯ್ಸ್ ರಿಡಕ್ಷನ್ ಬಂದ್ ಮಾಡಿ. ಒಂದೇ ಸಮ ಬರುವ ಸ್ವರವನ್ನು ಅದು ಗದ್ದಲವೆಂದು ಅಳಿಸಿಬಿಡುತ್ತದೆ.

ಇದೇ ನೆಪದಲ್ಲಿ ಇನ್ನೊಂದು ಪ್ರಯೋಗ ಮಾಡಿದೆ. ಕಪ್ಪು ಒಂದರ ಶ್ರುತಿಯಲ್ಲಿ ಕೆಳಗಿನ ಷಡ್ಜ ಸುಮಾರು 139 ಹರ್ಟ್ಸ್. ಫೋನಿನಲ್ಲಿ ಆ ಸ್ವರ ಹೊರಬರುವುದೇ ಇಲ್ಲ. ಆದರೂ ಭಾಗವತರ ಪದ ಫೋನಿನಲ್ಲಿ ಶ್ರುತಿ ತಪ್ಪದೆ ಕೇಳುತ್ತದೆ, ಅಲ್ವಾ? ಅದರ ಮೂರು, ನಾಲ್ಕು ಪಟ್ಟಿನ, ಅಂದರೆ 416, 554ರಂಥ ಮೇಲಿನ ಸ್ವರಾಂಶಗಳು ಬಂದರೆ ಸಾಕು, ಮೂಲ ಸ್ವರವನ್ನು ನಮ್ಮ ಮೆದುಳೇ ತುಂಬಿಕೊಳ್ಳುತ್ತದೆ. ಮದ್ದಳೆಯ ಗುಮ್ಮೆನ್ನುವ ಪೆಟ್ಟಿಗೆ ಮಾತ್ರ ಅಷ್ಟು ನೆರವು ಸಿಗುವುದಿಲ್ಲ. ಅದು ಫೋನಿನಲ್ಲಿ ಸೊರಗಿಯೇ ಹೋಗುತ್ತದೆ.

ದುಡ್ಡು ಹೋದದ್ದೂ ಕೆಳಗಿನ ಸ್ವರದಿಂದಲೇ. ಸ್ಪೀಕರ್ ಜಾಲಿಯ ನೀರು ಉದುರಿಸಲು 165 ಹರ್ಟ್ಸ್ ಬಾರಿಸುವ ರೂಢಿ ಉಂಟಲ್ಲ, ಹಾಗೆ ಮಾಡಲು ಹೋದೆ. ಸೆಟ್‌ನಿಂದ ಬಿಚ್ಚಿದ ರಿಂಗರನ್ನು ಮೇಜಿನ ಸಣ್ಣ ಆಂಪ್ಲಿಫೈಯರ್‌ಗೆ ಜೋಡಿಸಿ, 0.1 ಇದ್ದಲ್ಲಿ 1.0 ಹಾಕಿದೆ. ಸದ್ದು ಸಣ್ಣದೆಂದು ವಾಲ್ಯೂಮ್ ಏರಿಸಿದೆ. ಎರಡು ನಿಮಿಷದಲ್ಲಿ ಮೌನ. ಮೀಟರ್ ಹಿಡಿದರೆ 8 ಓಮ್‌ನ ಕಾಯಿಲ್ ಓಪನ್. ಇಂಥ ಮೂರು ಹೋದವು. ಕಿವಿಗೆ ಕೇಳದಿದ್ದರೂ ಕಾಯಿಲ್ ಬಿಸಿಯಾಗುತ್ತಲೇ ಇರುತ್ತದೆ. ಸ್ಮಾರ್ಟ್ ಆಂಪ್ ಇರುವ ಫೋನ್‌ಗಳಲ್ಲಿ ಆ ಚಿಪ್ಪೇ ತಡೆಯುತ್ತದೆ. ಮೇಜಿನ ಆಂಪ್ಲಿಫೈಯರ್‌ಗೆ ಆ ಬುದ್ಧಿ ಇಲ್ಲ.

ಕಿವಿಯ ವಿಷಯ ಇದಕ್ಕಿಂತ ದೊಡ್ಡದು. ನಮ್ಮಲ್ಲಿ ಕೆಲಸ ಕಲಿಯುವ ಹುಡುಗ ಇಯರ್‌ಫೋನ್ ಹಾಕಿಕೊಂಡು 20ರಿಂದ ಶುರುವಾಗುವ ಹಳೆಯದೊಂದು ಲಾಗ್ ಸ್ವೀಪ್ ಬಾರಿಸಿದ್ದ. ಶುರುವಿನಲ್ಲಿ ಏನೂ ಕೇಳಲಿಲ್ಲ, ವಾಲ್ಯೂಮ್ ಏರಿಸಿದ. ಸ್ವರ 3000ದ ಹತ್ತಿರ ಬಂದಾಗ ಕಿರುಚಿ ಕಿತ್ತೆಸೆದ. ಮನುಷ್ಯರ ಕಿವಿ ತುಂಬಾ ಚುರುಕಾಗಿರುವುದು ಆ ಜಾಗದಲ್ಲೇ. ರಾತ್ರಿಯವರೆಗೂ ಅವನ ಕಿವಿ ಗುಂಯ್‌ಗುಟ್ಟುತ್ತಿತ್ತು. ನನಗೆ ನಿದ್ದೆ ಬರಲಿಲ್ಲ.

ಅಂದಿನಿಂದ ಕ್ರಮ ಬದಲಿಸಿದೆ. ಮೊದಲು 1000 ಹರ್ಟ್ಸ್‌ನ ಒಂದು ಸ್ವರ, ವಾಲ್ಯೂಮ್ ಸೊನ್ನೆಯಿಂದ. ಎದುರು ಕುಳಿತವರ ಮಾತಿನಷ್ಟು ಕೇಳಿದರೆ ಅಲ್ಲಿಗೆ ನಿಲ್ಲಿಸುವುದು. ಆಮೇಲೆ ಸ್ವೀಪ್ ಮುಗಿಯುವವರೆಗೆ ಬಟನ್ ಮುಟ್ಟುವಂತಿಲ್ಲ, ಎಷ್ಟೇ ಮೌನವಿದ್ದರೂ. ಫೋನ್ ಮೇಜಿನ ಮೇಲೆ, ಕಿವಿ ಒಂದು ಅಡಿಗಿಂತ ದೂರ. ಇಯರ್‌ಫೋನ್ ಬೇಡವೇ ಬೇಡ. ಕೆಲಸದ ಜಾಗಕ್ಕೆ ಹೇಳುವ ಲೆಕ್ಕ 85 ಡೆಸಿಬೆಲ್‌ಗೆ ಎಂಟು ಗಂಟೆ, ಪ್ರತಿ 3 ಡೆಸಿಬೆಲ್ ಏರಿದಂತೆ ಸಮಯ ಅರ್ಧ. 100 ಆದರೆ ಕಾಲು ಗಂಟೆ ಮಾತ್ರ. ಫೋನಿನ ಡೆಸಿಬೆಲ್ ಆಪ್ ಹೇಳುವ ಸಂಖ್ಯೆ ಕೆಲವು ಡೆಸಿಬೆಲ್ ಆಚೀಚೆ ಆಗುತ್ತದೆ, ಅದನ್ನೇ ನಂಬಿ ಕೂರಬೇಡಿ.

ಕಳೆದ ಆಟಿ ತಿಂಗಳಲ್ಲಿ ಒಂದು ಸೆಟ್ ಮೂರನೇ ಸಲ ವಾಪಸ್ ಬಂತು. ಬೇರೆ ಕಡೆ ಎರಡು ರಿಂಗರ್ ಬದಲಿಸಿದ್ದರಂತೆ. ಸ್ವೀಪ್ ಹಾಕಿದೆ. ಸ್ವರ 850ರ ಹತ್ತಿರ ಬಂದಾಗ 'ಜಿರ್', ಮೇಲೆ ಹೋದ ಕೂಡಲೇ ಸ್ವಚ್ಛ. ಹಿಂಬದಿಯ ಮೂಲೆಯನ್ನು ಬೆರಳಿನಿಂದ ಒತ್ತಿದೆ, ಸದ್ದು ನಿಂತಿತು. ಕಾಯಿಲ್ ತಾಗುತ್ತಿದ್ದರೆ ಒತ್ತಿದರೂ ನಿಲ್ಲುವುದಿಲ್ಲ. ಬಿಚ್ಚಿದರೆ ರಿಂಗರ್ ಚೆನ್ನಾಗಿಯೇ ಇತ್ತು, ಅದರ ಸುತ್ತಲಿನ ಗ್ಯಾಸ್ಕೆಟ್ ಒಂದು ಕಡೆ ಎದ್ದಿತ್ತು. ಹತ್ತು ರೂಪಾಯಿಯೂ ಬೀಳದ ಕೆಲಸ.

ಇಯರ್‌ಪೀಸ್‌ಗೆ ಬೇರೆಯೇ ಒಂದು ಫೈಲ್ ಮಾಡಿಟ್ಟುಕೊಂಡಿದ್ದೇನೆ. ಅದರ ಅಂಕಿ ಮಾತ್ರ ಇಲ್ಲಿ ಕೊಡುವುದಿಲ್ಲ, ಅಂಗಡಿಯ ಅನ್ನ ಅದು. ರಿಂಗರ್ ವಾಪಸ್ ಬರುವುದು ಈಗ ತಿಂಗಳಿಗೆ ಒಂದೋ ಎರಡೋ.